ಚೆಕ್‌ಔಟ್‌ನಲ್ಲಿ ಗಿರಾಕಿ ಯಾಕೆ ಕೈಬಿಟ್ಟು ಹೋಗುತ್ತಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆನ್‌ಲೈನ್ ಅಂಗಡಿ ನಡೆಸುವವರು ಮತ್ತು ಅವರಿಗೆ ಸೈಟ್ ಕಟ್ಟಿಕೊಡುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಎಲ್ಲವೂ ಒಂದು ಸಣ್ಣ ಜಾಗಕ್ಕೆ ಸೇರಿದವು. ಸಾಮಾನು ಕಾರ್ಟ್‌ಗೆ ಬಿದ್ದಿದೆ, ದುಡ್ಡು ಇನ್ನೂ ಬಂದಿಲ್ಲ, ಆ ನಡುವಿನ ಎರಡು ಮೂರು ನಿಮಿಷ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಅಲ್ಲೇ.

## ನಮ್ಮ ಚೆಕ್‌ಔಟ್‌ನಲ್ಲಿ ನಾಲ್ಕು ಪುಟ ಇವೆ. ಒಂದೇ ಪುಟ ಮಾಡಿದರೆ ಸರಿಹೋಗುತ್ತದಾ?

ಬಹಳ ಜನ ಶುರು ಮಾಡುವುದೇ ಇಲ್ಲಿಂದ. ಪುಟಗಳ ಲೆಕ್ಕ ಅಷ್ಟು ಮುಖ್ಯ ಅಲ್ಲ ಅನ್ನುವುದು ನನ್ನ ಅನುಭವ. ನಾಲ್ಕು ಪುಟದಲ್ಲಿ ಇಪ್ಪತ್ತು ಕಾಲಂ ಇದ್ದರೆ, ಅವನ್ನೆಲ್ಲ ಒಂದೇ ಪುಟಕ್ಕೆ ತಂದರೂ ಇಪ್ಪತ್ತು ಕಾಲಂ ಇಪ್ಪತ್ತೇ. ಮೊಬೈಲ್‌ನಲ್ಲಂತೂ ಆ ಉದ್ದ ನೋಡಿಯೇ ಜನ ಹಿಂದೆ ಸರಿಯುತ್ತಾರೆ.

ಗಿರಾಕಿ ಎಲ್ಲಿ ನಿಂತು ಯೋಚಿಸಬೇಕಾಗುತ್ತದೆ ಎಂದು ನೋಡಿ. ಹೆಸರು ಬರೆಯಲು ಯಾರೂ ಯೋಚಿಸುವುದಿಲ್ಲ, ಬೆರಳೇ ಬರೆಯುತ್ತದೆ. ‘ಪಾಸ್‌ವರ್ಡ್’ ಎಂದ ತಕ್ಷಣ ನಿಲ್ಲುತ್ತಾರೆ: ನನಗೆ ಇಲ್ಲಿ ಖಾತೆ ಇತ್ತಾ? ಯಾವ ಇಮೇಲ್ ಕೊಟ್ಟಿದ್ದೆ? ‘ವಿಳಾಸ ಸಾಲು 2’ ಎಂದರೆ ನಿಲ್ಲುತ್ತಾರೆ: ಇಲ್ಲಿ ಏನು ಬರೆಯಬೇಕು? ತಾನು ದಿನಾ ಬಳಸುವ ಪೇಮೆಂಟ್ ದಾರಿ ಕಾಣದಿದ್ದರೆ ನಿಲ್ಲುತ್ತಾರೆ, ಮತ್ತೆ ಕೆಲವರು ಅಲ್ಲಿಂದಲೇ ವಾಪಸ್. ನಾನು ಕಳೆಯಲು ನೋಡುವುದು ಈ ನಿಲುಗಡೆಗಳನ್ನು. ಪುಟ ಎಷ್ಟಿದ್ದರೂ ಆಮೇಲೆ ನೋಡಿಕೊಳ್ಳಬಹುದು.

## ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದು ಹೇಗೆ?

ಪ್ರತಿ ಹೆಜ್ಜೆಯನ್ನೂ ಎಷ್ಟು ಜನ ಮುಟ್ಟಿದರು ಎಂದು ಎಣಿಸಿ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಲಾಗಿನ್ ಪುಟ, ವಿಳಾಸದ ಪುಟ, ಪೇಮೆಂಟ್ ಪುಟ, ‘ಪಾವತಿಸಿ’ ಬಟನ್, ಯಶಸ್ವಿ ಪಾವತಿ, ಈ ಐದು ಕಡೆ ಒಂದೊಂದು ಎಣಿಕೆ ಇದ್ದರೆ ಸಾಕು.

ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಅಂಗಡಿ ತೆಗೆದುಕೊಳ್ಳೋಣ. ಲಾಗಿನ್ ಕಡ್ಡಾಯ, ವಿಳಾಸಕ್ಕೆ 14 ಕಾಲಂ, ಪಾವತಿಗೆ ಕಾರ್ಡ್ ಮಾತ್ರ. ಒಂದು ವಾರದಲ್ಲಿ 1000 ಜನ ಚೆಕ್‌ಔಟ್ ಒತ್ತಿ ಲಾಗಿನ್ ಪುಟಕ್ಕೆ ಬಂದರು. ವಿಳಾಸದ ಪುಟಕ್ಕೆ ತಲುಪಿದವರು 620. ಪೇಮೆಂಟ್ ಪುಟಕ್ಕೆ 510. ‘ಪಾವತಿಸಿ’ ಒತ್ತಿದವರು 450. ದುಡ್ಡು ನಿಜವಾಗಿ ಬಂದದ್ದು 380 ಜನರಿಂದ.

ಲಾಗಿನ್‌ನಲ್ಲಿ ಹೋದವರು ಬಂದವರ ಪೈಕಿ 38%. ವಿಳಾಸದಲ್ಲಿ ಸುಮಾರು 18%, ಪೇಮೆಂಟ್ ಪುಟದಲ್ಲಿ 12%, ಬಟನ್ ಒತ್ತಿದ ಮೇಲೂ 16%. ಮೊದಲು ಕೈ ಹಾಕಬೇಕಾದದ್ದು ಲಾಗಿನ್‌ಗೆ, ಅದು ಕಣ್ಣಿಗೆ ಹೊಡೆಯುತ್ತದೆ. ಕೊನೆಯ ಸಂಖ್ಯೆಯನ್ನು ಮಾತ್ರ ಬಹಳ ಜನ ನೋಡುವುದೇ ಇಲ್ಲ. ಬಟನ್ ಒತ್ತಿದವರು ಕೊಳ್ಳಲು ಪೂರ್ತಿ ಮನಸ್ಸು ಮಾಡಿದವರು. ಅವರಲ್ಲಿ 70 ಜನ ಬರಿಗೈಯಲ್ಲಿ ಹೋಗಿದ್ದಾರೆ ಎಂದರೆ ಬೇಸರದ ಸಂಗತಿ. ಅದಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಒಂದು ಲೆಕ್ಕದ ಬಲೆ ಇದೆ. ಲಾಗಿನ್ ಸೋರಿಕೆಯನ್ನು 38ರಿಂದ 10ಕ್ಕೆ ಇಳಿಸಿದರೆ 900 ಜನ ವಿಳಾಸಕ್ಕೆ ಹೋಗುತ್ತಾರೆ, ಹಳೆಯ ದರದಲ್ಲೇ ಮುಂದೆ ಹೋದರೆ ಸುಮಾರು 550 ಆರ್ಡರ್ ಆಗಬೇಕು. ಕಾಗದದ ಮೇಲೆ ಸರಿ, ನಿಜದಲ್ಲಿ ಅಷ್ಟು ಆಗುವುದಿಲ್ಲ. ಲಾಗಿನ್ ದಾಟಿ ಬಂದ ಹಳೆಯ 620 ಜನ ಗಟ್ಟಿ ಮನಸ್ಸಿನವರು. ಹೊಸದಾಗಿ ಒಳಬಂದ 280 ಜನರಲ್ಲಿ ಸುಮ್ನೆ ನೋಡಲು ಬಂದವರೂ ಇರುತ್ತಾರೆ, ಅವರು ಮುಂದಿನ ಹೆಜ್ಜೆಯಲ್ಲಿ ಬಿಟ್ಟು ಹೋಗುತ್ತಾರೆ. ಹಾಗಾಗಿ ಖಾತೆ ಇಲ್ಲದೆಯೇ ಕೊಳ್ಳಲು ಬಿಡುವ ಗೆಸ್ಟ್ ಚೆಕ್‌ಔಟ್ ಹಾಕಿದ ವಾರ ವಿಳಾಸದ ಪುಟದ ಸೋರಿಕೆ ಜಾಸ್ತಿ ಆದರೆ ಗಾಬರಿ ಬೇಡ. ಒಟ್ಟು ಆರ್ಡರ್ ಏರಿದೆಯಾ ನೋಡಿ.

## ಲಾಗಿನ್ ಕೇಳಿದರೆ ಅಷ್ಟೊಂದು ಜನ ಯಾಕೆ ಹೋಗುತ್ತಾರೆ? ಎರಡೇ ಕಾಲಂ ಅಲ್ವಾ?

ಯೂಸಬಿಲಿಟಿ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಹೇಳಿದ ಒಂದು ಪ್ರಸಂಗ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಒಂದು ದೊಡ್ಡ ಅಂಗಡಿ, ಹೆಸರು ಹೇಳಿಲ್ಲ. ಅದರ ಫಾರ್ಮ್‌ನಲ್ಲಿ ಇದ್ದದ್ದೂ ಎರಡೇ ಕಾಲಂ, ಇಮೇಲ್ ಮತ್ತು ಪಾಸ್‌ವರ್ಡ್. ಎರಡು ಬಟನ್, ಲಾಗಿನ್ ಮತ್ತು ರಿಜಿಸ್ಟರ್. ಕಟ್ಟಿದವರ ಯೋಚನೆ ಸರಳವಾಗಿತ್ತು: ಒಮ್ಮೆ ಖಾತೆ ಮಾಡಿದರೆ ಮುಂದಿನ ಸಲ ಸುಲಭ.

ಜನರನ್ನು ಕೂರಿಸಿ ಕೊಳ್ಳಲು ಹೇಳಿದಾಗ ಬೇರೆಯೇ ಕಂಡಿತು. ಹೊಸಬರಿಗೆ ರಿಜಿಸ್ಟರ್ ಅನ್ನುವುದೇ ಕಿರಿಕಿರಿ. ಕೊಳ್ಳಲು ಬಂದಿದ್ದೇನೆ, ಸಂಬಂಧ ಬೆಳೆಸಲು ಅಲ್ಲ ಅನ್ನುವ ಧಾಟಿ. ಹಳಬರಿಗೂ ಸುಖ ಇರಲಿಲ್ಲ, ಯಾವ ಇಮೇಲ್, ಯಾವ ಪಾಸ್‌ವರ್ಡ್ ಎಂದು ನೆನಪಿಲ್ಲ. ಡೇಟಾಬೇಸ್ ತೆಗೆದು ನೋಡಿದರೆ 45% ಗಿರಾಕಿಗಳು ಒಂದಕ್ಕಿಂತ ಹೆಚ್ಚು ಖಾತೆ ಮಾಡಿಕೊಂಡಿದ್ದರು. ಪಾಸ್‌ವರ್ಡ್ ಮರೆತೆ ಎಂದು ಕೇಳಿದವರಲ್ಲಿ 75% ಜನ ಆ ಖರೀದಿಯನ್ನು ಮುಗಿಸಲು ಮತ್ತೆ ಬರಲೇ ಇಲ್ಲ.

ಮಾಡಿದ ಬದಲಾವಣೆ ಚಿಕ್ಕದು. ‘ರಿಜಿಸ್ಟರ್’ ತೆಗೆದು ‘ಮುಂದುವರಿಸಿ’ ಎಂಬ ಬಟನ್ ಇಟ್ಟರು. ಕೊಳ್ಳಲು ಖಾತೆ ಬೇಕಿಲ್ಲ, ಬೇಕಾದರೆ ಚೆಕ್‌ಔಟ್ ಮಾಡುವಾಗ ಮಾಡಿಕೊಳ್ಳಬಹುದು ಎಂದು ಪಕ್ಕದಲ್ಲಿ ಬರೆದರು. ಖರೀದಿ ಮುಗಿಸಿದವರ ಸಂಖ್ಯೆ 45% ಏರಿತು. ನಿಮ್ಮ ಅಂಗಡಿಗೂ ಇದೇ ಅಂಕಿ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಅದರಲ್ಲಿ ಕಲಿಯಬೇಕಾದದ್ದು ಬೇರೆ ಇದೆ. ಖಾತೆಯಿಂದ ಹಳಬರಿಗೆ ಅನುಕೂಲ ಎಂದು ನಾವು ಅಂದುಕೊಂಡಿರುತ್ತೇವೆ, ಹಳಬರೇ ಅಲ್ಲಿ ಎಡವುತ್ತಿರುತ್ತಾರೆ.

## ಗೆಸ್ಟ್ ಆಯ್ಕೆ ಇಟ್ಟಿದ್ದೇವೆ, ಆದರೂ ಯಾರೂ ಬಳಸುತ್ತಿಲ್ಲ. ಯಾಕೆ?

ಎಲ್ಲಿ ಇಟ್ಟಿದ್ದೀರಿ? ನಾನು ನೋಡಿದ ಬಹುತೇಕ ಸೈಟ್‌ಗಳಲ್ಲಿ ಲಾಗಿನ್ ಫಾರ್ಮ್ ಮೇಲೆ, ದೊಡ್ಡದಾಗಿ. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಗೆಸ್ಟ್ ಲಿಂಕ್. ಮೊಬೈಲ್‌ನಲ್ಲಿ ಕೀಬೋರ್ಡ್ ಎದ್ದರೆ ಆ ಲಿಂಕ್ ಪರದೆಯಿಂದಲೇ ಮಾಯ.

ಇದಕ್ಕಿಂತ ಒಳ್ಳೆಯದು, ಆಯ್ಕೆಯನ್ನೇ ಕೇಳದಿರುವುದು. ಚೆಕ್‌ಔಟ್ ಒತ್ತಿದರೆ ನೇರವಾಗಿ ಇಮೇಲ್ ಕಾಲಂ ಇರುವ ಫಾರ್ಮ್ ತೆರೆಯಲಿ. ಮೇಲೆ ಒಂದು ಮೂಲೆಯಲ್ಲಿ ‘ಖಾತೆ ಇದೆಯಾ? ಲಾಗಿನ್ ಆಗಿ’ ಎಂದಿರಲಿ. ಆಗ ಗೆಸ್ಟ್ ಎಂಬ ಪದವೇ ಬೇಕಿಲ್ಲ.

ಕೊಟ್ಟ ಇಮೇಲ್‌ಗೆ ಮೊದಲೇ ಖಾತೆ ಇದ್ದರೆ? ತಡೆಯಬೇಡಿ. ‘ಈ ಇಮೇಲ್ ಈಗಾಗಲೇ ನೋಂದಣಿಯಾಗಿದೆ, ಲಾಗಿನ್ ಆಗಿ’ ಎಂದು ಕೆಂಪಕ್ಷರದಲ್ಲಿ ಬಂದರೆ ಗೆಸ್ಟ್ ಚೆಕ್‌ಔಟ್ ಇದ್ದೂ ಇಲ್ಲದಂತೆ. ಜೊತೆಗೆ, ಯಾರ ಇಮೇಲ್‌ಗೆ ನಿಮ್ಮಲ್ಲಿ ಖಾತೆ ಇದೆ ಎಂದು ಹೊರಗಿನವರಿಗೆಲ್ಲ ಹೇಳಿದಂತಾಗುತ್ತದೆ. ಆರ್ಡರ್ ತೆಗೆದುಕೊಳ್ಳಿ, ಖಾತೆಗೆ ಜೋಡಿಸುವ ಕೆಲಸ ಆಮೇಲೆ.

## ಖಾತೆಯೇ ಇಲ್ಲದಿದ್ದರೆ ಗಿರಾಕಿಯನ್ನು ಉಳಿಸಿಕೊಳ್ಳುವುದು ಹೇಗೆ?

ಮಾರ್ಕೆಟಿಂಗ್ ನೋಡಿಕೊಳ್ಳುವವರ ಪ್ರಶ್ನೆ ಇದು, ನ್ಯಾಯವಾದದ್ದೇ. ಉತ್ತರ, ಕೇಳುವ ಹೊತ್ತನ್ನು ಬದಲಿಸಿ. ಆರ್ಡರ್ ಮುಗಿದ ಪುಟದಲ್ಲಿ ಕೇಳಿ. ಅಷ್ಟು ಹೊತ್ತಿಗೆ ಹೆಸರು, ಇಮೇಲ್, ವಿಳಾಸ ಎಲ್ಲವೂ ನಿಮ್ಮ ಬಳಿ ಇರುತ್ತದೆ. ಖಾತೆಗೆ ಕಡಿಮೆ ಇರುವುದು ಪಾಸ್‌ವರ್ಡ್ ಒಂದೇ. ‘ಆರ್ಡರ್ ಎಲ್ಲಿದೆ ಎಂದು ನೋಡಲು ಪಾಸ್‌ವರ್ಡ್ ಇಟ್ಟುಕೊಳ್ಳಿ’ ಎಂದು ಒಂದೇ ಕಾಲಂ ಇಟ್ಟರೆ ಕೆಲಸ ಆಯಿತು.

ಇಲ್ಲಿ ಒಂದು ಅಪಾಯ ಇದೆ. ಹೀಗೆ ಹುಟ್ಟಿದ ಖಾತೆಗೆ ಅದೇ ಇಮೇಲ್‌ನ ಹಳೆಯ ಗೆಸ್ಟ್ ಆರ್ಡರ್‌ಗಳನ್ನೆಲ್ಲ ತಕ್ಷಣ ತೋರಿಸಬೇಡಿ. ನಾನು ಬೇರೆಯವರ ಇಮೇಲ್ ಹಾಕಿ ಒಂದು ಸಣ್ಣ ಸಾಮಾನು ಕೊಂಡು ಪಾಸ್‌ವರ್ಡ್ ಇಟ್ಟರೆ, ಅವರ ಹಳೆಯ ಆರ್ಡರ್, ಮನೆ ವಿಳಾಸ, ಫೋನ್ ಎಲ್ಲ ನನಗೆ ಕಾಣುತ್ತದೆ. ಮೊದಲು ಆ ಇಮೇಲ್‌ಗೆ ಲಿಂಕ್ ಕಳಿಸಿ. ಅದನ್ನು ಒತ್ತಿದ ಮೇಲೆಯೇ ಹಳೆಯದು ಜೋಡಣೆಯಾಗಲಿ.

## ಗೆಸ್ಟ್ ಆರ್ಡರ್‌ಗಳಲ್ಲಿ ‘ನನ್ನ ಆರ್ಡರ್ ಎಲ್ಲಿ’ ಎಂಬ ಫೋನ್ ಜಾಸ್ತಿ ಬರುತ್ತಿದೆ. ಇದಕ್ಕೆ ಏನು ಮಾಡುವುದು?

ಮುಕ್ಕಾಲು ಪಾಲು ಇದು ಇಮೇಲ್ ತಪ್ಪಿನ ಕಥೆ. ಖಾತೆ ಇದ್ದವರ ಇಮೇಲ್ ಒಮ್ಮೆ ಪರೀಕ್ಷೆಯಾಗಿರುತ್ತದೆ. ಗೆಸ್ಟ್ ಬರೆದದ್ದೇ ಬರಹ. ಒಂದು ಸಲ ನಾವು ಗೆಸ್ಟ್ ಚೆಕ್‌ಔಟ್ ಶುರು ಮಾಡಿ ಎರಡು ವಾರ ಖುಷಿಯಾಗಿದ್ದೆವು. ಆಮೇಲೆ ಸಹಾಯದ ಫೋನ್ ನೋಡಿಕೊಳ್ಳುವ ಹುಡುಗಿ ಬಂದು, ‘ಸರ್, ರಸೀದಿ ಬಂದಿಲ್ಲ ಅಂತಾನೇ ಎಲ್ಲರೂ ಬಯ್ಯುತ್ತಿದ್ದಾರೆ’ ಎಂದಳು. ವಾಪಸ್ ಬಂದ ಮೇಲ್‌ಗಳ ಪಟ್ಟಿ ತೆಗೆದರೆ `gmail.con`, `gmial.com`, ಇಂಥವೇ ಸಾಲು ಸಾಲು. ತಪ್ಪು ನಮ್ಮದೇ. ಕೇಳಿ ಖಚಿತ ಮಾಡಿಕೊಂಡಿರಲಿಲ್ಲ.

ಇಮೇಲ್ ಎರಡು ಸಲ ಬರೆಸುವುದು ಹಳೆಯ ಮದ್ದು. ಅದು ಕೆಲಸ ಮಾಡುವುದಿಲ್ಲ, ಜನ ಮೇಲಿನದನ್ನೇ ಕಾಪಿ ಮಾಡಿ ಅಂಟಿಸುತ್ತಾರೆ. ನಾವು ಮಾಡಿದ್ದು ಇಷ್ಟು. ಕಾಲಂನಿಂದ ಹೊರಬಂದ ತಕ್ಷಣ ಹೆಸರಾಂತ ಮೇಲ್ ಸೇವೆಗಳ ಪಟ್ಟಿಯ ಜೊತೆ ಹೋಲಿಸಿ, ಒಂದೆರಡು ಅಕ್ಷರ ಹೆಚ್ಚುಕಡಿಮೆ ಇದ್ದರೆ ‘ನೀವು ಹೇಳಿದ್ದು `gmail.com` ಅಲ್ವಾ?’ ಎಂದು ಕೆಳಗೆ ತೋರಿಸಿದೆವು. ಒತ್ತಿದರೆ ತಿದ್ದುತ್ತದೆ, ಬಿಟ್ಟರೆ ಬರೆದದ್ದೇ ಉಳಿಯುತ್ತದೆ. ತಾನಾಗಿ ತಿದ್ದಲು ಹೋಗಬೇಡಿ, ವಿಚಿತ್ರವಾಗಿ ಕಾಣುವ ನಿಜವಾದ ಡೊಮೈನ್‌ಗಳೂ ಇವೆ.

ಮತ್ತೆ, ಆರ್ಡರ್ ಹುಡುಕಲು ಖಾತೆ ಇಲ್ಲದವರಿಗೂ ಒಂದು ಪುಟ ಕೊಡಿ. ಆರ್ಡರ್ ನಂಬರ್ ಮತ್ತು ಇಮೇಲ್ ಎರಡೂ ಹೊಂದಿದರೆ ಮಾತ್ರ ತೋರಿಸಿ. ನಂಬರ್ ಒಂದನ್ನೇ ಕೇಳಿದರೆ, 1041 ಆದ ಮೇಲೆ 1042 ಎಂದು ಹೊಡೆದು ಯಾರು ಬೇಕಾದರೂ ಪಕ್ಕದವರ ಆರ್ಡರ್ ನೋಡಬಹುದು.

## ವಿಳಾಸದ ಫಾರ್ಮ್‌ನಲ್ಲಿ ಯಾವ ಕಾಲಂ ಇರಲಿ, ಯಾವುದು ಹೋಗಲಿ?

ಪ್ರತಿ ಕಾಲಂ ಎದುರು ಒಂದೇ ಪ್ರಶ್ನೆ ಕೇಳಿ: ಇದು ಖಾಲಿ ಇದ್ದರೆ ಪಾರ್ಸೆಲ್ ತಲುಪುವುದಿಲ್ಲವಾ? ನಮ್ಮ ಕಾಲ್ಪನಿಕ ಅಂಗಡಿಯ 14 ಕಾಲಂ ಹೀಗಿದ್ದವು ಎಂದುಕೊಳ್ಳಿ: ಸಂಬೋಧನೆ, ಮೊದಲ ಹೆಸರು, ಕೊನೆಯ ಹೆಸರು, ಕಂಪನಿ, ಇಮೇಲ್, ಮತ್ತೆ ಇಮೇಲ್, ಫೋನ್, ಎರಡನೇ ಫೋನ್, ವಿಳಾಸ ಸಾಲು 1, ಸಾಲು 2, ಊರು, ರಾಜ್ಯ, ಪೋಸ್ಟಲ್ ಕೋಡ್, ದೇಶ. ಇದರ ಮೇಲೆ ಬಿಲ್ಲಿಂಗ್ ವಿಳಾಸ ಎಂದು ಇನ್ನೊಂದು ಕಂತೆ.

ಸಂಬೋಧನೆ ತೆಗೆಯಿರಿ, ಯಾರಿಗೂ ನಷ್ಟವಿಲ್ಲ. ಎರಡು ಹೆಸರನ್ನು ‘ಪೂರ್ಣ ಹೆಸರು’ ಎಂದು ಒಂದು ಮಾಡಿ. ಎಷ್ಟೋ ಜನರಿಗೆ ಕೊನೆಯ ಹೆಸರು ಅನ್ನುವುದೇ ಇಲ್ಲ, ಇನಿಷಿಯಲ್ ಇರುತ್ತದೆ. ಅದನ್ನು ಯಾವ ಡಬ್ಬಿಗೆ ತುಂಬುವುದು ಎಂದು ನಿಂತು ಯೋಚಿಸುತ್ತಾರೆ. ಎರಡನೇ ಇಮೇಲ್, ಎರಡನೇ ಫೋನ್ ಹೋಗಲಿ. ಕಂಪನಿ ಮತ್ತು ಸಾಲು 2 ಎರಡನ್ನೂ ‘ಫ್ಲ್ಯಾಟ್ ಸಂಖ್ಯೆ, ಕಂಪನಿ ಹೆಸರು ಸೇರಿಸಿ’ ಎಂಬ ಒಂದು ಲಿಂಕ್ ಹಿಂದೆ ಮಡಚಿಡಿ, ಬೇಕಾದವರು ಬಿಚ್ಚಿಕೊಳ್ಳುತ್ತಾರೆ. ಒಂದೇ ದೇಶಕ್ಕೆ ಕಳಿಸುವವರಾದರೆ ದೇಶ ಕೇಳುವುದು ಯಾಕೆ? ಬಿಲ್ಲಿಂಗ್ ವಿಳಾಸಕ್ಕೆ ‘ಕಳಿಸುವ ವಿಳಾಸವೇ’ ಎಂಬ ಟಿಕ್ ಮೊದಲೇ ಇರಲಿ.

ಉಳಿದದ್ದು ಏಳು: ಹೆಸರು, ಇಮೇಲ್, ಫೋನ್, ವಿಳಾಸ, ಪೋಸ್ಟಲ್ ಕೋಡ್, ಊರು, ರಾಜ್ಯ.

ಫೋನ್ ಬಗ್ಗೆ ಒಂದು ಮಾತು. ಇದನ್ನು ಕೊಡಲು ಜನ ಹಿಂಜರಿಯುವುದು ಮಾರಾಟದ ಕರೆಗಳ ಭಯಕ್ಕೆ. ಪಾರ್ಸೆಲ್ ತರುವವರಿಗೆ ಫೋನ್ ಬೇಕೇ ಬೇಕು ಎಂದಾದರೆ ಕಾಲಂ ಕೆಳಗೆ ‘ಪಾರ್ಸೆಲ್ ತರುವವರು ಕರೆ ಮಾಡಲು ಮಾತ್ರ’ ಎಂದು ಬರೆಯಿರಿ. ಬರೆದ ಮೇಲೆ ಅದಕ್ಕೆ ತಕ್ಕಂತೆ ನಡೆದುಕೊಳ್ಳಿ. ಬೇಡವಾದರೆ ತೆಗೆದೇ ಬಿಡಿ.

ಒಂದು ವಿಷಯದಲ್ಲಿ ನಾನು ಹೆಚ್ಚಿನವರ ಜೊತೆ ಒಪ್ಪುವುದಿಲ್ಲ. ಕಾಲಂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅನ್ನುತ್ತಾರೆ. ಇಡೀ ವಿಳಾಸವನ್ನು ಒಂದೇ ದೊಡ್ಡ ಡಬ್ಬಿಯಲ್ಲಿ ಬರೆಸಿದವರನ್ನು ನೋಡಿದ್ದೇನೆ. ಅರ್ಧ ಜನ ಪೋಸ್ಟಲ್ ಕೋಡ್ ಬರೆಯುವುದನ್ನೇ ಮರೆತರು. ಫಾರ್ಮ್‌ನಲ್ಲಿ ಉಳಿಸಿದ ಅರ್ಧ ನಿಮಿಷ ಆಮೇಲೆ ಗಿರಾಕಿಗೆ ಫೋನ್ ಮಾಡುವುದರಲ್ಲಿ ಹೋಯಿತು.

## ಪೋಸ್ಟಲ್ ಕೋಡ್ ಹಾಕಿದರೆ ಊರು, ರಾಜ್ಯ ತಾನೇ ಬರುವಂತೆ ಮಾಡಬಹುದಾ?

ಮಾಡಬಹುದು, ಚೆನ್ನಾಗಿಯೂ ನಡೆಯುತ್ತದೆ. ಕೋಡ್ ಕಾಲಂ ಅನ್ನು ಊರಿಗಿಂತ ಮೇಲೆ ತನ್ನಿ, ಬರೆದ ತಕ್ಷಣ ಕೆಳಗಿನ ಎರಡು ತುಂಬಲಿ. ಆದರೆ ತುಂಬಿದ್ದನ್ನು ಬೀಗ ಹಾಕಬೇಡಿ. ಒಂದೇ ಕೋಡ್‌ನಡಿ ಹಲವು ಊರು ಬರುವ ಜಾಗಗಳು ಬೇಕಾದಷ್ಟಿವೆ. ತಿದ್ದಲು ಆಗದ ತಪ್ಪು ಊರು ಕಂಡರೆ ಗಿರಾಕಿ ಅಲ್ಲಿಗೇ ನಿಲ್ಲಿಸುತ್ತಾರೆ, ಸಾಮಾನು ಬೇರೆ ಕಡೆ ಹೋದೀತು ಎಂಬ ಭಯ. ಹುಡುಕುವ ಸೇವೆ ಕೈಕೊಟ್ಟಾಗ ಎರಡೂ ಕಾಲಂ ಖಾಲಿಯಾಗಿ, ಕೈಯಲ್ಲಿ ತುಂಬುವಂತೆ ಉಳಿಯಬೇಕು.

ಹೊರದೇಶಕ್ಕೂ ಕಳಿಸುವವರು ಇನ್ನೊಂದನ್ನು ನೋಡಿಕೊಳ್ಳಿ. ಕೋಡ್ ಎಂದರೆ ಅಂಕಿ ಮಾತ್ರ ಅಲ್ಲ. ಬ್ರಿಟನ್, ಕೆನಡಾ, ನೆದರ್‌ಲ್ಯಾಂಡ್ಸ್‌ನ ಕೋಡ್‌ಗಳಲ್ಲಿ ಅಕ್ಷರಗಳೂ ಇವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೋಡ್‌ಗಳು ಸೊನ್ನೆಯಿಂದ ಶುರುವಾಗುತ್ತವೆ, ಅದನ್ನು ಸಂಖ್ಯೆ ಎಂದು ಉಳಿಸಿದರೆ ಮೊದಲ ಸೊನ್ನೆ ಬಿದ್ದುಹೋಗುತ್ತದೆ. ಹಾಂಗ್‌ಕಾಂಗ್‌ನಲ್ಲಿ ಪೋಸ್ಟಲ್ ಕೋಡ್ ಇಲ್ಲವೇ ಇಲ್ಲ. ಅಲ್ಲಿಯವರಿಗೆ ಆ ಕಾಲಂ ಕಡ್ಡಾಯ ಮಾಡಿದರೆ 000000 ಎಂದು ಬರೆಯುತ್ತಾರೆ, ಇಲ್ಲವೇ ಹೋಗುತ್ತಾರೆ.

## ಬ್ರೌಸರ್ ತಾನೇ ವಿಳಾಸ ತುಂಬುತ್ತದಲ್ಲ, ನಮ್ಮ ಸೈಟ್‌ನಲ್ಲಿ ಯಾಕೆ ತುಂಬುವುದಿಲ್ಲ?

ಯಾವ ಕಾಲಂ ಏನು ಎಂದು ಬ್ರೌಸರ್‌ಗೆ ನೀವು ಹೇಳಿಲ್ಲ, ಅದಕ್ಕೆ. ಕೆಲವೊಮ್ಮೆ ಅದು ಊಹಿಸುತ್ತದೆ, ಊಹೆ ತಪ್ಪಿದರೆ ಊರಿನ ಜಾಗದಲ್ಲಿ ರಾಜ್ಯ ಬಂದು ಕೂರುತ್ತದೆ. ಹೇಳುವುದಕ್ಕೆ ಎಚ್‌ಟಿಎಂಎಲ್‌ನಲ್ಲಿ ಗೊತ್ತುಮಾಡಿದ ಹೆಸರುಗಳಿವೆ:

```html
<input autocomplete="name">
<input type="email" autocomplete="email">
<input type="tel" autocomplete="tel">
<input autocomplete="shipping address-line1">
<input autocomplete="shipping postal-code">
<input autocomplete="shipping address-level2">
<input autocomplete="shipping address-level1">
```

ಇಲ್ಲಿ `address-level2` ಎಂದರೆ ಊರು, `address-level1` ಎಂದರೆ ರಾಜ್ಯ. ಎಲ್ಲರೂ ಇದನ್ನು ಒಮ್ಮೆಯಾದರೂ ಉಲ್ಟಾ ಹಾಕುತ್ತಾರೆ, ನಾನೂ ಹಾಕಿದ್ದೇನೆ. ಕಳಿಸುವ ವಿಳಾಸ, ಬಿಲ್ಲಿಂಗ್ ವಿಳಾಸ ಎರಡೂ ಇದ್ದರೆ ಮುಂದೆ `shipping` ಅಥವಾ `billing` ಸೇರಿಸಿ, ಇಲ್ಲದಿದ್ದರೆ ಒಂದನ್ನು ತುಂಬಿದಾಗ ಇನ್ನೊಂದೂ ಅಳಿಸಿ ಬರೆಯಬಹುದು.

ಅಂಕಿ ಮಾತ್ರ ಬರುವ ಕಾಲಂಗೆ `inputmode="numeric"` ಕೊಡಿ, ಅಂಕಿಗಳ ಕೀಬೋರ್ಡ್ ಬರುತ್ತದೆ. `type="number"` ಬೇಡ. ಅದು ಲೆಕ್ಕ ಮಾಡುವ ಸಂಖ್ಯೆಗೆ ಇರುವುದು. ಮೌಸ್ ಚಕ್ರ ತಿರುಗಿದರೆ ಕೋಡ್ ಒಂದು ಹೆಚ್ಚಾಗುವ ತಮಾಷೆಯೂ ಅಲ್ಲಿ ಆಗುತ್ತದೆ. ಇನ್ನೊಂದು: ಐಫೋನ್‌ನ ಸಫಾರಿಯಲ್ಲಿ ಕಾಲಂನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ, ಮುಟ್ಟಿದ ಕೂಡಲೇ ಪುಟವೇ ದೊಡ್ಡದಾಗಿ ಪಕ್ಕಕ್ಕೆ ಜಾರುತ್ತದೆ. ಫಾರ್ಮ್ ಸರಿಯಿದ್ದರೂ ಗಿರಾಕಿಗೆ ಏನೋ ಕೆಟ್ಟಿದೆ ಅನ್ನಿಸುತ್ತದೆ.

## ಪಾವತಿಗೆ ಎಷ್ಟು ಆಯ್ಕೆ ಇಡಬೇಕು? ಹತ್ತು ಹನ್ನೆರಡು ಇದ್ದರೆ ಒಳ್ಳೆಯದಲ್ವಾ?

ಗಿರಾಕಿ ಹುಡುಕುವುದು ಒಂದನ್ನೇ, ತಾನು ದಿನಾ ಬಳಸುವುದನ್ನು. ಅದು ಇದ್ದರೆ ಉಳಿದ ಹನ್ನೊಂದು ಬೇಕಿಲ್ಲ, ಅದು ಇಲ್ಲದಿದ್ದರೆ ಉಳಿದ ಹನ್ನೊಂದರಿಂದ ಪ್ರಯೋಜನವಿಲ್ಲ. ಅದು ಯಾವುದು ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕ್ ಖಾತೆಯಿಂದ ಪಾವತಿಸುವ ಐಡೀಲ್, ಬ್ರೆಜಿಲ್‌ನಲ್ಲಿ 2020ರಲ್ಲಿ ಬಂದ ಪಿಕ್ಸ್, ಭಾರತದಲ್ಲಿ 2016ರಲ್ಲಿ ಶುರುವಾದ ಯುಪಿಐ. ಇಂಥ ಕಡೆ ಕಾರ್ಡ್ ಮಾತ್ರ ಇಟ್ಟರೆ ಅರ್ಧ ಬಾಗಿಲು ಮುಚ್ಚಿದ ಹಾಗೆ.

ನಾನು ಹೇಳುವುದು ಇಷ್ಟು: ಕಾರ್ಡ್, ನಿಮ್ಮ ಗಿರಾಕಿಗಳ ದೇಶದಲ್ಲಿ ಎಲ್ಲರೂ ಬಳಸುವ ಒಂದು ಬ್ಯಾಂಕ್ ದಾರಿ, ಫೋನಿನಲ್ಲೇ ಇರುವ ಒಂದೆರಡು ವಾಲೆಟ್. ಇಷ್ಟರಿಂದ ಶುರು ಮಾಡಿ. ಉಳಿದವನ್ನು ‘ಇನ್ನಷ್ಟು ಆಯ್ಕೆ’ ಎಂದು ಮಡಚಿಡಿ, ಮೂರು ತಿಂಗಳು ಯಾರೂ ಮುಟ್ಟದಿದ್ದರೆ ತೆಗೆಯಿರಿ. ಪ್ರತಿ ಆಯ್ಕೆಯ ಹಿಂದೆ ಮರುಪಾವತಿ, ಲೆಕ್ಕ ಹೊಂದಿಸುವುದು ಎಂದು ನಿಮಗೂ ಕೆಲಸ ಇದೆ. ಸುಮ್ನೆ ಸೇರಿಸುತ್ತಾ ಹೋಗುವ ವಸ್ತು ಅಲ್ಲ ಅದು.

ವಾಲೆಟ್ ಬಟನ್ ಇಡುವ ಜಾಗದಲ್ಲಿ ಹೆಚ್ಚಿನವರು ತಪ್ಪು ಮಾಡುತ್ತಾರೆ. ಆ್ಯಪಲ್ ಪೇ, ಗೂಗಲ್ ಪೇ ಬಟನ್‌ಗಳು ದುಡ್ಡಿನ ಜೊತೆ ಗಿರಾಕಿಯ ಹೆಸರು, ಇಮೇಲ್, ವಿಳಾಸವನ್ನೂ ಕೊಡಬಲ್ಲವು. ಅದನ್ನು ಕೊನೆಯ ಪೇಮೆಂಟ್ ಪುಟದಲ್ಲಿ ಇಟ್ಟರೆ, ವಿಳಾಸ ಪೂರ್ತಿ ಕೈಯಲ್ಲಿ ಬರೆಸಿದ ಮೇಲೆ ಕೊಟ್ಟಂತೆ. ಕಾರ್ಟ್ ಪುಟದಲ್ಲೇ ಇಡಿ, ಫಾರ್ಮ್‌ನ ಕೆಲಸವೇ ಇಲ್ಲ. ಒಂದು ತೊಡಕು ಮಾತ್ರ ಇದೆ. ಆ್ಯಪಲ್ ಪೇ ಗಿರಾಕಿ ಒಪ್ಪಿಗೆ ಕೊಡುವ ತನಕ ಪೂರ್ತಿ ವಿಳಾಸ ಕೊಡುವುದಿಲ್ಲ, ಊರು, ರಾಜ್ಯ, ಕೋಡ್‌ನಷ್ಟೇ ಕೊಡುತ್ತದೆ. ನಿಮ್ಮ ಸಾಗಣೆ ವೆಚ್ಚದ ಲೆಕ್ಕ ಅಷ್ಟರಲ್ಲೇ ನಡೆಯುವಂತಿರಬೇಕು.

## ‘ಪಾವತಿಸಿ’ ಒತ್ತಿದ ಮೇಲೂ ಜನ ಕಳೆದುಹೋಗುತ್ತಿದ್ದಾರೆ. ಅಲ್ಲಿ ಏನಾಗುತ್ತಿರಬಹುದು?

ಮೇಲಿನ 70 ಜನರ ಕಥೆ ಇದು. ಮೂರು ರೀತಿ ಇರುತ್ತದೆ, ಮೂರಕ್ಕೂ ಮದ್ದು ಬೇರೆ.

ಕಾರ್ಡ್ ನಂಬರ್ ತಪ್ಪಾಗಿ ಬಿದ್ದಿರಬಹುದು. ಕಾರ್ಡ್ ಮೇಲೆ ನಾಲ್ಕು ನಾಲ್ಕಾಗಿ ಬಿಡಿಸಿ ಬರೆದಿರುತ್ತಾರೆ, ಜನ ಹಾಗೆಯೇ ಜಾಗ ಬಿಟ್ಟು ಬರೆಯುತ್ತಾರೆ. ಅದಕ್ಕೆ ‘ತಪ್ಪು ನಂಬರ್’ ಎನ್ನುವ ಸೈಟ್‌ಗಳು ಇನ್ನೂ ಇವೆ. ಜಾಗವನ್ನು ನೀವೇ ತೆಗೆದುಕೊಳ್ಳಿ. ಕಾರ್ಡ್ ನಂಬರ್‌ನ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು. ಲೂನ್ ಎಂಬ ಸಣ್ಣ ಸೂತ್ರದಿಂದ, ಒಂದು ಅಂಕಿ ತಪ್ಪಿದ್ದರೂ ಬ್ಯಾಂಕಿಗೆ ಕಳಿಸುವ ಮೊದಲೇ ಹಿಡಿಯಬಹುದು.

ಬ್ಯಾಂಕ್ ನಿರಾಕರಿಸಿರಬಹುದು. ಆಗ ‘ಏನೋ ತಪ್ಪಾಗಿದೆ’ ಎಂದು ಹೇಳಿ ಖಾಲಿ ಫಾರ್ಮ್‌ಗೆ ತಳ್ಳುವುದು ದೊಡ್ಡ ಪಾಪ. ಬರೆದ ವಿಳಾಸ, ಕಾರ್ಟ್ ಎಲ್ಲ ಹಾಗೇ ಉಳಿಯಲಿ. ‘ಬ್ಯಾಂಕ್ ಈ ಕಾರ್ಡ್ ಒಪ್ಪಲಿಲ್ಲ, ದುಡ್ಡು ಕಡಿತವಾಗಿಲ್ಲ, ಬೇರೆ ದಾರಿಯಲ್ಲಿ ಪಾವತಿಸಿ’ ಎಂದು ನೇರವಾಗಿ ಹೇಳಿ, ಎರಡನೇ ಆಯ್ಕೆಯನ್ನು ಅಲ್ಲೇ ತೋರಿಸಿ. ಒಂದಕ್ಕಿಂತ ಹೆಚ್ಚು ಆಯ್ಕೆ ಇರುವುದರ ಬೆಲೆ ತಿಳಿಯುವುದು ಈ ಕ್ಷಣದಲ್ಲಿ.

ಮೂರನೆಯದು ಕೆಟ್ಟದ್ದು: ದುಡ್ಡು ಹೋಗಿದೆ, ಆರ್ಡರ್ ಇಲ್ಲ. ಗಿರಾಕಿ ಪಾವತಿಗೆ ಬ್ಯಾಂಕ್ ಆ್ಯಪ್‌ಗೆ ಹೋದರು, ಪಾವತಿಸಿದರು, ವಾಪಸ್ ನಿಮ್ಮ ಪುಟಕ್ಕೆ ಬರಲಿಲ್ಲ. ಫೋನ್ ಆ ಟ್ಯಾಬ್ ಮುಚ್ಚಿತ್ತು, ಅಥವಾ ನೆಟ್ ಹೋಗಿತ್ತು. ಆರ್ಡರ್ ಬರೆಯುವ ಕೆಲಸವನ್ನು ‘ವಾಪಸ್ ಬಂದ ಪುಟ’ಕ್ಕೆ ಬಿಟ್ಟಿದ್ದರೆ ಆರ್ಡರ್ ಹುಟ್ಟುವುದೇ ಇಲ್ಲ. ಆದ್ದರಿಂದ ‘ಪಾವತಿಸಿ’ ಒತ್ತಿದಾಗಲೇ ಆರ್ಡರ್ ಅನ್ನು ‘ಬಾಕಿ’ ಎಂದು ಬರೆದುಕೊಳ್ಳಿ. ಪೇಮೆಂಟ್ ಕಂಪನಿಯ ಸರ್ವರ್ ನಿಮ್ಮ ಸರ್ವರ್‌ಗೆ ನೇರ ಕಳಿಸುವ ಸುದ್ದಿ, ಅಂದರೆ ವೆಬ್‌ಹುಕ್, ಬಂದಾಗ ಅದನ್ನು ‘ಪಾವತಿಯಾಗಿದೆ’ ಎಂದು ಬದಲಿಸಿ. ಒಂದೇ ಸುದ್ದಿ ಎರಡು ಸಲ ಬಂದರೂ ಆರ್ಡರ್ ಒಂದೇ ಆಗುವಂತೆ ನೋಡಿಕೊಳ್ಳಿ. ನಿಧಾನವಾದ ನೆಟ್‌ನಲ್ಲಿ ಗಿರಾಕಿ ಬಟನ್ ಎರಡು ಸಲ ಒತ್ತುವುದೂ ಇದೆ. ಎರಡು ಸಲ ಒತ್ತಿದರೂ ಅದೇ ಒಂದು ಗುರುತಿನ ಸಂಖ್ಯೆ ಕಳಿಸಿದರೆ ಎರಡನೆಯದನ್ನು ಪೇಮೆಂಟ್ ಸೇವೆ ಮೊದಲನೆಯದೇ ಎಂದು ತಿಳಿಯುತ್ತದೆ, ದುಡ್ಡು ಎರಡು ಸಲ ಹೋಗುವುದಿಲ್ಲ.

## ಗೆಸ್ಟ್ ಎಂದು ಬಿಟ್ಟರೆ ಮೋಸಗಾರರು ಬರುವುದಿಲ್ಲವಾ?

ಬರುತ್ತಾರೆ. ಕದ್ದ ಕಾರ್ಡ್ ನಂಬರ್‌ಗಳಲ್ಲಿ ಯಾವುದು ಇನ್ನೂ ನಡೆಯುತ್ತದೆ ಎಂದು ನೋಡಲು ಸಣ್ಣ ಮೊತ್ತದ ಆರ್ಡರ್ ಹಾಕುತ್ತಾರೆ. ಗುರುತು ಹಿಡಿಯುವುದು ಸುಲಭ: ಒಂದೇ ಗಂಟೆಯಲ್ಲಿ ನೂರಾರು ಪ್ರಯತ್ನ, ಹೆಚ್ಚಿನವು ಬ್ಯಾಂಕ್ ನಿರಾಕರಿಸಿದವು, ಅಗ್ಗದ ಒಂದೇ ಸಾಮಾನು. ಒಂದೇ ಕಡೆಯಿಂದ ಬರುವ ಪ್ರಯತ್ನಗಳಿಗೆ ಮಿತಿ ಹಾಕಿ, ಕೆಲವು ಸಲ ಸೋತ ಮೇಲೆ ಮಾತ್ರ ಕ್ಯಾಪ್ಚಾ ತೋರಿಸಿ. ಎಲ್ಲರಿಗೂ ಮೊದಲೇ ತೋರಿಸಿದರೆ ತೆಗೆದ ಗೋಡೆಯನ್ನು ಮತ್ತೆ ಕಟ್ಟಿದಂತೆ.

## ಗೆಸ್ಟ್ ಚೆಕ್‌ಔಟ್ ಬೇಡವಾದ ಅಂಗಡಿಗಳು ಇವೆಯಾ?

ಇವೆ. ತಿಂಗಳ ಚಂದಾ, ಲೈಸೆನ್ಸ್ ಇರುವ ಸಾಫ್ಟ್‌ವೇರ್, ಸಾಲದ ಮೇಲೆ ಸಾಮಾನು ಕೊಡುವ ಸಗಟು ವ್ಯಾಪಾರ. ಅಲ್ಲಿ ಖಾತೆಯೇ ಸರಕಿನ ಒಂದು ಭಾಗ. ಅಲ್ಲಿಯೂ ಪಾಸ್‌ವರ್ಡ್ ಕೇಳುವುದನ್ನು ಪಾವತಿಯ ನಂತರಕ್ಕೆ ತಳ್ಳಬಹುದು.

## ಬದಲಾವಣೆ ಕೆಲಸ ಮಾಡಿತು ಎಂದು ಎಷ್ಟು ದಿನದಲ್ಲಿ ಗೊತ್ತಾಗುತ್ತದೆ?

ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು ತೋರಿಸಿ ಹೋಲಿಸುವಾಗ ಒಂದು ಒರಟು ಸೂತ್ರ ಉಪಯೋಗಕ್ಕೆ ಬರುತ್ತದೆ:

```
n = 16 × p × (1 − p) / d²
```

ಇಲ್ಲಿ `p` ಈಗ ಮುಗಿಸುವವರ ಪಾಲು, `d` ನೀವು ಗುರುತಿಸಬೇಕೆಂದಿರುವ ವ್ಯತ್ಯಾಸ, `n` ಒಂದೊಂದು ಗುಂಪಿಗೆ ಬೇಕಾದ ಜನ. ನಮ್ಮ ಅಂಗಡಿಯಲ್ಲಿ `p` ಸುಮಾರು 0.4. ಶೇಕಡಾ 5 ಅಂಶದ ಏರಿಕೆ ಹಿಡಿಯಲು ಗುಂಪಿಗೆ ಸುಮಾರು 1500 ಜನ ಬೇಕು. ವಾರಕ್ಕೆ 1000 ಜನ ಬರುವುದರಿಂದ ಮೂರು ವಾರದ ಕೆಲಸ. ಅದೇ 2 ಅಂಶದ ಏರಿಕೆ ಹಿಡಿಯಬೇಕೆಂದರೆ ಗುಂಪಿಗೆ 9600 ಜನ, ಅಂದರೆ ನಾಲ್ಕು ತಿಂಗಳ ಮೇಲೆ. ಆದ್ದರಿಂದ ಚಿಕ್ಕ ಅಂಗಡಿಗಳು ಬಟನ್ ಬಣ್ಣ ಪರೀಕ್ಷಿಸುತ್ತಾ ಕೂರಬಾರದು. ಲಾಗಿನ್ ತೆಗೆಯುವಂಥ ದೊಡ್ಡದನ್ನು ಪರೀಕ್ಷಿಸಿ. ಮೂರನೇ ದಿನ ಹೊಸದು ಮುಂದಿದೆ ಎಂದು ನಿಲ್ಲಿಸಲೂ ಬೇಡಿ, ಮೂರನೇ ದಿನ ಯಾವುದು ಬೇಕಾದರೂ ಮುಂದಿರುತ್ತದೆ.

## ಇದೆಲ್ಲ ಮಾಡಿದ್ದೇವೆ, ಆದರೂ ವಿಳಾಸ ಬರೆದ ಮೇಲೆ ಜನ ಹೋಗುತ್ತಿದ್ದಾರೆ. ಇನ್ನೇನು ಉಳಿದಿದೆ?

ಸಾಗಣೆ ವೆಚ್ಚ ಎಲ್ಲಿ ತೋರಿಸುತ್ತಿದ್ದೀರಿ ನೋಡಿ. ವಿಳಾಸ ಪೂರ್ತಿ ಆದ ಮೇಲೆ ಮೊದಲ ಸಲ ಕಂಡರೆ, ಆ ಪುಟದಲ್ಲಿ ಹೋಗುವವರು ಫಾರ್ಮ್‌ಗೆ ಹೆದರಿ ಹೋಗುತ್ತಿಲ್ಲ. ಮೊತ್ತ ಏರಿದ್ದನ್ನು ನೋಡಿ ಹೋಗುತ್ತಿದ್ದಾರೆ, ಅಥವಾ ವೆಚ್ಚ ಎಷ್ಟೆಂದು ತಿಳಿಯಲೆಂದೇ ಅಲ್ಲಿವರೆಗೆ ಬಂದಿದ್ದಾರೆ. ಕಾರ್ಟ್ ಪುಟದಲ್ಲೇ ಪೋಸ್ಟಲ್ ಕೋಡ್ ಒಂದನ್ನು ಕೇಳಿ ಅಲ್ಲೇ ವೆಚ್ಚ ತೋರಿಸಿ. ಆ ಕೋಡ್ ಅನ್ನು ಮುಂದಿನ ಫಾರ್ಮ್‌ಗೆ ಒಯ್ಯಿರಿ, ಮತ್ತೆ ಕೇಳಬೇಡಿ.

ಹಾಗೇ ‘ಕೂಪನ್ ಕೋಡ್’ ಎಂಬ ಖಾಲಿ ಡಬ್ಬಿಯನ್ನೂ ನೋಡಿ. ಅದನ್ನು ಕಂಡವರು, ನನ್ನ ಬಳಿ ಕೂಪನ್ ಇಲ್ಲವಲ್ಲ, ಎಲ್ಲಾದರೂ ಸಿಗುತ್ತದಾ ಎಂದು ಬೇರೆ ಟ್ಯಾಬ್‌ನಲ್ಲಿ ಹುಡುಕಲು ಹೋಗುತ್ತಾರೆ. ಹೋದವರೆಲ್ಲ ವಾಪಸ್ ಬರುವುದಿಲ್ಲ. ‘ಕೂಪನ್ ಇದೆಯಾ?’ ಎಂಬ ಲಿಂಕ್ ಹಿಂದೆ ಅದನ್ನು ಮಡಚಿಡಿ.